ಅಗ್ರಿಮೆಂಟಿನ ದಿನಾಂಕ, ರೇರಾದ ದಿನಾಂಕ

ಬೆಂಗಳೂರಿನಲ್ಲಿ ಏಳುತ್ತಿರುವ ಬಹುತೇಕ ಅಪಾರ್ಟ್‌ಮೆಂಟುಗಳಿಗೆ ಮುಗಿಯುವ ದಿನಾಂಕಗಳು ಎರಡು. ಒಂದು, ಖರೀದಿದಾರ ಮತ್ತು ಬಿಲ್ಡರ್ ಇಬ್ಬರೂ ಸಹಿ ಹಾಕಿದ ಅಗ್ರಿಮೆಂಟಿನಲ್ಲಿರುತ್ತದೆ. ಇನ್ನೊಂದು, rera.karnataka.gov.in ತಾಣದಲ್ಲಿ ಆ ಯೋಜನೆಯ ಪುಟದಲ್ಲಿರುತ್ತದೆ. ಕೆಲಸ ತಡವಾದಾಗ ಬಿಲ್ಡರ್ ಕಚೇರಿಯವರು ತೋರಿಸುವುದು ಎರಡನೆಯದನ್ನು. ‘ಸರ್, ರೇರಾದವರೇ ನಮಗೆ ಮುಂದಿನ ಡಿಸೆಂಬರ್‌ವರೆಗೆ ಟೈಮ್ ಕೊಟ್ಟಿದ್ದಾರೆ’ ಎನ್ನುತ್ತಾರೆ. ಸರ್ಕಾರಿ ಪ್ರಾಧಿಕಾರವೇ ಸಮಯ ಕೊಟ್ಟ ಮೇಲೆ ತಾವು ಕೇಳುವುದಕ್ಕೆ ಇನ್ನೇನಿದೆ ಎಂದುಕೊಂಡು ಮಂದಿ ಸುಮ್ಮನಾಗುತ್ತಾರೆ. ಹೀಗೆ ಸುಮ್ಮನಾದವರು ಬಿಟ್ಟುಕೊಡುವ ಮೊತ್ತ ಹಲವು ಸಲ ಹತ್ತು ಹದಿನೈದು ಲಕ್ಷ ದಾಟುತ್ತದೆ. ಕಾನೂನಿನ ಪ್ರಕಾರ ವಿಳಂಬದ ಲೆಕ್ಕ ಶುರುವಾಗುವುದು ಮೊದಲನೆಯ ದಿನಾಂಕದಿಂದ. ಇದೊಂದು ಸಂಗತಿ ಗೊತ್ತಿಲ್ಲದ್ದರಿಂದ ಆಗಿರುವ ನಷ್ಟ ದೊಡ್ಡದು. ಹಾಗಾಗಿ ಇದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕಾಗಿದೆ.

ರಿಯಲ್ ಎಸ್ಟೇಟ್ (ನಿಯಂತ್ರಣ ಮತ್ತು ಅಭಿವೃದ್ಧಿ) ಕಾಯ್ದೆ ಸಂಸತ್ತಿನಲ್ಲಿ ಅಂಗೀಕಾರವಾದದ್ದು 2016ರಲ್ಲಿ. ಪೂರ್ಣವಾಗಿ ಜಾರಿಯಾದದ್ದು 2017ರ ಮೇ 1ರಿಂದ. ಅದೇ ವರ್ಷದ ಜುಲೈನಲ್ಲಿ ಕರ್ನಾಟಕ ತನ್ನ ನಿಯಮಗಳನ್ನು ಪ್ರಕಟಿಸಿತು. ಅಭಿವೃದ್ಧಿಪಡಿಸುವ ಜಾಗ 500 ಚದರ ಮೀಟರ್ ಮೀರದಿದ್ದರೆ ಅಥವಾ ಫ್ಲ್ಯಾಟುಗಳು ಎಂಟನ್ನು ಮೀರದಿದ್ದರೆ ನೋಂದಣಿ ಬೇಕಿಲ್ಲ. ಉಳಿದಂತೆ ನೋಂದಣಿ ಆಗುವ ಮೊದಲು ಜಾಹೀರಾತು ಕೊಡುವಂತಿಲ್ಲ, ಬುಕಿಂಗ್ ತೆಗೆದುಕೊಳ್ಳುವಂತಿಲ್ಲ. ನೋಂದಣಿ ಆದ ಯೋಜನೆಯ ಸಂಖ್ಯೆ PRM/KA/RERA ಎಂದು ಶುರುವಾಗುತ್ತದೆ. ACK ಎಂದು ಶುರುವಾಗುವುದು ಅರ್ಜಿ ಸಲ್ಲಿಸಿದ್ದಕ್ಕೆ ಸಿಗುವ ಸ್ವೀಕೃತಿ ಸಂಖ್ಯೆ ಮಾತ್ರ. ಬ್ರೋಷರಿನ ಮೂಲೆಯಲ್ಲಿ ಸಣ್ಣ ಅಕ್ಷರಗಳಲ್ಲಿ ಇರುವುದು ಯಾವುದು ಎಂದು ನೋಡಿಕೊಳ್ಳುವುದು ಒಂದು ನಿಮಿಷದ ಕೆಲಸ.

ಆದರೆ ನೋಂದಣಿ ಎಂದರೆ ಏನು ಎಂಬುದರ ಬಗ್ಗೆ ತಪ್ಪು ಕಲ್ಪನೆ ಇದೆ. ‘ರೇರಾ ಅಪ್ರೂವ್ಡ್’ ಎಂಬ ಫಲಕ ಕಂಡ ಕೂಡಲೇ ಸರ್ಕಾರ ಇಡೀ ಯೋಜನೆಯನ್ನು ಪರೀಕ್ಷಿಸಿ ಸರಿ ಎಂದಿದೆ ಎಂದು ಭಾವಿಸುತ್ತಾರೆ. ಪ್ರಾಧಿಕಾರ ನೋಡುವುದು ಕಾಗದಗಳನ್ನು. ಜಮೀನಿನ ದಾಖಲೆ, ಮಂಜೂರಾದ ನಕ್ಷೆ, ಬಿಲ್ಡರ್ ಕೊಡುವ ಪ್ರಮಾಣಪತ್ರ, ಬ್ಯಾಂಕ್ ಖಾತೆಯ ವಿವರ, ಇವೆಲ್ಲ ಇದ್ದರೆ ಮೂವತ್ತು ದಿನಗಳಲ್ಲಿ ನೋಂದಣಿ ಕೊಡಬೇಕು, ಇಲ್ಲವೇ ಕಾರಣ ಕೊಟ್ಟು ತಿರಸ್ಕರಿಸಬೇಕು. ಯೋಜನೆ ಯಾವಾಗ ಮುಗಿಯುತ್ತದೆ ಎಂಬುದನ್ನು ಆ ಪ್ರಮಾಣಪತ್ರದಲ್ಲಿ ಬರೆಯುವವನು ಬಿಲ್ಡರೇ. ಅಂದರೆ ತಾಣದಲ್ಲಿ ಕಾಣುವ ಮುಕ್ತಾಯ ದಿನಾಂಕವನ್ನು ಪ್ರಾಧಿಕಾರ ಗೊತ್ತು ಮಾಡಿದ್ದಲ್ಲ. ತನಗೆ ಅನುಕೂಲವಾಗುವಷ್ಟು ಅವಕಾಶ ಇಟ್ಟುಕೊಂಡು ಬಿಲ್ಡರ್ ತಾನೇ ಘೋಷಿಸಿಕೊಂಡದ್ದು. 2017ರಲ್ಲಿ ಆಗಲೇ ಅರ್ಧ ಕಟ್ಟಿದ್ದ ಯೋಜನೆಗಳೂ ನೋಂದಣಿಗೆ ಬಂದಾಗ ಇದು ಎದ್ದು ಕಂಡಿತು. 2015ಕ್ಕೋ 2016ಕ್ಕೋ ಮನೆ ಕೊಡುವುದಾಗಿ ಅಗ್ರಿಮೆಂಟ್ ಮಾಡಿಕೊಂಡಿದ್ದವರಿಗೂ ನೋಂದಣಿಯಲ್ಲಿ ಹೊಸ ದಿನಾಂಕ ಬರೆಯಲು ಅವಕಾಶವಿತ್ತು.

ಹಾಗಾದರೆ ಹಳೆಯ ಮಾತು ಅಳಿಸಿಹೋಯಿತೇ? ಈ ಪ್ರಶ್ನೆ ಬಾಂಬೆ ಹೈಕೋರ್ಟಿನ ಮುಂದೆ ಬಂತು. ಕಾಯ್ದೆಯನ್ನು ಪ್ರಶ್ನಿಸಿ ನೀಲ್‌ಕಮಲ್ ರಿಯಲ್ಟರ್ಸ್ ಮತ್ತಿತರರು ಸಲ್ಲಿಸಿದ್ದ ಅರ್ಜಿಗಳಲ್ಲಿ 2017ರ ಡಿಸೆಂಬರಿನಲ್ಲಿ ತೀರ್ಪು ಕೊಟ್ಟ ನ್ಯಾಯಾಲಯ, ವಿಳಂಬವನ್ನು ಎಣಿಸಬೇಕಾದದ್ದು ಖರೀದಿದಾರನ ಜೊತೆ ಮಾಡಿಕೊಂಡ ಅಗ್ರಿಮೆಂಟಿನ ದಿನಾಂಕದಿಂದ ಎಂದಿತು. ನೋಂದಣಿಯ ವೇಳೆ ಹೊಸ ದಿನಾಂಕ ಕೊಟ್ಟದ್ದರಿಂದ ಬಿಲ್ಡರ್ ದಂಡನೆಯಿಂದ ಪಾರಾಗಬಹುದು, ಆದರೆ ಖರೀದಿದಾರನಿಗೆ ಕೊಟ್ಟ ಮಾತು ಬದಲಾಗದು. 2020ರಲ್ಲಿ ಇಂಪೀರಿಯಾ ಸ್ಟ್ರಕ್ಚರ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೂಡ ಇದೇ ದಾರಿ ಹಿಡಿಯಿತು. ರೇರಾ ನೋಂದಣಿಯ ಅವಧಿ ಇನ್ನೂ ಇದೆ ಎಂಬ ಕಾರಣಕ್ಕೆ ಖರೀದಿದಾರ ದೂರು ಕೊಡುವುದಕ್ಕೆ ಕಾಯಬೇಕಾಗಿಲ್ಲ, ಅಗ್ರಿಮೆಂಟಿನ ಅವಧಿಯೇ ಲೆಕ್ಕಕ್ಕೆ ಎಂದು ಹೇಳಿತು. ಅದೇ ತೀರ್ಪು ಗ್ರಾಹಕರ ಆಯೋಗದ ಬಾಗಿಲೂ ತೆರೆದೇ ಇದೆ ಎಂಬುದನ್ನು ಸ್ಪಷ್ಟಪಡಿಸಿತು.

ಕಾಲ ವಿಸ್ತರಣೆಯ ವಿಷಯವೂ ಹೀಗೆಯೇ. ಕಾಯ್ದೆಯ 6ನೇ ಸೆಕ್ಷನ್ ಪ್ರಕಾರ ಯುದ್ಧ, ಪ್ರವಾಹ, ಬರ, ಬೆಂಕಿ, ಚಂಡಮಾರುತ, ಭೂಕಂಪದಂಥ ಕೈಮೀರಿದ ಕಾರಣಗಳಿದ್ದರೆ ನೋಂದಣಿಯ ಅವಧಿಯನ್ನು ವಿಸ್ತರಿಸಬಹುದು. ಬಿಲ್ಡರ್ ತಪ್ಪಿಲ್ಲದ ಬೇರೆ ಸಮಂಜಸ ಕಾರಣಗಳಿದ್ದರೆ ಒಟ್ಟು ಒಂದು ವರ್ಷದವರೆಗೆ ವಿಸ್ತರಿಸಬಹುದು. ಕೋವಿಡ್ ಬಂದಾಗ ಕೇಂದ್ರ ಸರ್ಕಾರದ ಸಲಹೆಯಂತೆ ಆರು ತಿಂಗಳ ವಿಸ್ತರಣೆ ಸಿಕ್ಕಿತ್ತು. ಇದೆಲ್ಲ ಪ್ರಾಧಿಕಾರ ಮತ್ತು ಬಿಲ್ಡರ್ ನಡುವಿನ ವ್ಯವಹಾರ. ನೋಂದಣಿ ಸತ್ತುಹೋಗದಂತೆ, ಮಾರಾಟ ನಿಲ್ಲದಂತೆ ನೋಡಿಕೊಳ್ಳುವುದಕ್ಕೆ ಇರುವ ಏರ್ಪಾಡು. ಅಗ್ರಿಮೆಂಟಿನಲ್ಲೇ ಕೈಮೀರಿದ ಕಾರಣಗಳಿಗೆ ವಿನಾಯಿತಿ ಇದ್ದರೆ, ಮತ್ತು ಆ ಕಾರಣದಿಂದಲೇ ಕೆಲಸ ನಿಂತಿತೆಂದು ಬಿಲ್ಡರ್ ತೋರಿಸಿಕೊಟ್ಟರೆ, ಅಷ್ಟು ತಿಂಗಳನ್ನು ಬಡ್ಡಿಯ ಲೆಕ್ಕದಿಂದ ಬಿಡುವ ಆದೇಶಗಳು ಬರುತ್ತವೆ. ತಾಣದಲ್ಲಿ ದಿನಾಂಕ ಬದಲಾಯಿತು ಎಂಬಷ್ಟಕ್ಕೇ ಖರೀದಿದಾರನ ಹಕ್ಕು ಮುಂದಕ್ಕೆ ಹೋಗುವುದಿಲ್ಲ.

ಈಗ ಒಂದು ಲೆಕ್ಕ ಮಾಡಿ ನೋಡೋಣ. ಇದು ಊಹಿಸಿಕೊಂಡ ಉದಾಹರಣೆ, ಆದರೆ ಇಂಥವು ಪ್ರಾಧಿಕಾರದ ಮುಂದೆ ದಿನವೂ ಬರುತ್ತವೆ. 1,200 ಚದರ ಅಡಿಯ ಫ್ಲ್ಯಾಟ್, ಬೆಲೆ 80 ಲಕ್ಷ ರೂಪಾಯಿ. 2019ರ ಮಾರ್ಚ್‌ನಲ್ಲಿ ಅಗ್ರಿಮೆಂಟ್ ಆಯಿತು. 2021ರ ಡಿಸೆಂಬರ್ 31ಕ್ಕೆ ಮನೆ ಕೊಡುತ್ತೇವೆ, ಜೊತೆಗೆ ಆರು ತಿಂಗಳ ಗ್ರೇಸ್ ಅವಧಿ ಎಂದು ಅದರಲ್ಲಿದೆ. ಗ್ರೇಸನ್ನೂ ಒಪ್ಪಿಕೊಂಡರೆ ಗಡುವು 2022ರ ಜೂನ್ 30. ಅಷ್ಟರೊಳಗೆ ಖರೀದಿದಾರ, ಬ್ಯಾಂಕಿನ ಸಾಲವೂ ಸೇರಿ, 72 ಲಕ್ಷ ಕಟ್ಟಿದ್ದಾನೆ. ರೇರಾ ತಾಣದಲ್ಲಿ ಮುಕ್ತಾಯ ದಿನಾಂಕ ವಿಸ್ತರಣೆಯಾಗಿ 2024ರ ಡಿಸೆಂಬರ್ ಎಂದಿದೆ. ಕೊನೆಗೆ ನಗರ ಪಾಲಿಕೆಯಿಂದ ಸ್ವಾಧೀನಾನುಭವ ಪತ್ರ, ಎಲ್ಲರ ಬಾಯಲ್ಲಿ ಒಸಿ, ಬಂದು ಮನೆ ಕೈಗೆ ಸಿಕ್ಕಿದ್ದು 2024ರ ಸೆಪ್ಟೆಂಬರ್ 30ಕ್ಕೆ.

ಬಿಲ್ಡರ್ ಹೇಳುವ ಪ್ರಕಾರ ವಿಳಂಬವೇ ಇಲ್ಲ, ರೇರಾ ಗಡುವಿಗಿಂತ ಮೂರು ತಿಂಗಳು ಮೊದಲೇ ಕೊಟ್ಟಿದ್ದೇವೆ. ಗಟ್ಟಿಯಾಗಿ ಕೇಳಿದರೆ ಅಗ್ರಿಮೆಂಟಿನ ಇನ್ನೊಂದು ಸಾಲು ತೋರಿಸುತ್ತಾರೆ. ತಡವಾದರೆ ತಿಂಗಳಿಗೆ ಚದರ ಅಡಿಗೆ 5 ರೂಪಾಯಿ ಪರಿಹಾರ ಎಂದು ಅಲ್ಲಿರುತ್ತದೆ. 1,200 ಅಡಿಗೆ ತಿಂಗಳಿಗೆ 6,000 ರೂಪಾಯಿ. 2022ರ ಜುಲೈಯಿಂದ 2024ರ ಸೆಪ್ಟೆಂಬರ್‌ವರೆಗೆ 27 ತಿಂಗಳು, ಒಟ್ಟು 1 ಲಕ್ಷ 62 ಸಾವಿರ.

ಕಾಯ್ದೆಯ ಲೆಕ್ಕವೇ ಬೇರೆ. 18ನೇ ಸೆಕ್ಷನ್ ಪ್ರಕಾರ, ಯೋಜನೆಯಿಂದ ಹೊರಹೋಗದೆ ಕಾದ ಖರೀದಿದಾರನಿಗೆ ಮನೆ ಕೈಗೆ ಬರುವವರೆಗೆ ವಿಳಂಬದ ಪ್ರತಿ ತಿಂಗಳಿಗೂ ಬಡ್ಡಿ ಕೊಡಬೇಕು. ಬಡ್ಡಿ ಅವನು ಕಟ್ಟಿರುವ ಹಣದ ಮೇಲೆ. ದರ ಎಷ್ಟು ಎಂಬುದನ್ನು ಕರ್ನಾಟಕದ ನಿಯಮಗಳ 16ನೇ ನಿಯಮ ಹೇಳುತ್ತದೆ. ಸ್ಟೇಟ್ ಬ್ಯಾಂಕಿನ ಎಂಸಿಎಲ್‌ಆರ್‌ನಲ್ಲಿ ಅತಿ ಹೆಚ್ಚಿನ ದರ ಯಾವುದೋ ಅದಕ್ಕೆ ಶೇ 2 ಸೇರಿಸಬೇಕು. ಎಂಸಿಎಲ್‌ಆರ್ ಕಾಲಕಾಲಕ್ಕೆ ಬದಲಾಗುವುದರಿಂದ ಲೆಕ್ಕ ಸುಲಭವಾಗಲೆಂದು ಒಟ್ಟು ಶೇ 10 ಎಂದಿಟ್ಟುಕೊಳ್ಳೋಣ. 72 ಲಕ್ಷಕ್ಕೆ ವರ್ಷಕ್ಕೆ 7 ಲಕ್ಷ 20 ಸಾವಿರ, ತಿಂಗಳಿಗೆ 60 ಸಾವಿರ. 27 ತಿಂಗಳಿಗೆ 16 ಲಕ್ಷ 20 ಸಾವಿರ. ಅಗ್ರಿಮೆಂಟಿನ ಐದು ರೂಪಾಯಿ ಲೆಕ್ಕದ ಸರಿಯಾಗಿ ಹತ್ತು ಪಟ್ಟು.

ಐದು ರೂಪಾಯಿ ಸಾಲಿನ ಅನ್ಯಾಯ ಇನ್ನೂ ಆಳವಾದದ್ದು. ಅದೇ ಹಳೆಯ ಅಗ್ರಿಮೆಂಟುಗಳಲ್ಲಿ ಖರೀದಿದಾರ ಕಂತು ತಡ ಮಾಡಿದರೆ ಶೇ 18 ಬಡ್ಡಿ ಎಂದಿರುತ್ತಿತ್ತು. ತಾನು ತಡ ಮಾಡಿದರೆ ಬಿಡಿಗಾಸು, ಎದುರಿನವನು ತಡ ಮಾಡಿದರೆ ದುಬಾರಿ ಬಡ್ಡಿ. ಕಾಯ್ದೆ ಇದನ್ನು ನೇರವಾಗಿ ಸರಿಪಡಿಸಿತು. ಬಿಲ್ಡರ್ ಖರೀದಿದಾರನಿಂದ ವಸೂಲು ಮಾಡುವ ದರವೂ ಖರೀದಿದಾರನಿಗೆ ಕೊಡಬೇಕಾದ ದರವೂ ಒಂದೇ ಇರಬೇಕು ಎಂದಿತು. ಇದು ಎರಡೂ ಕಡೆಗೆ ಅನ್ವಯ ಎಂಬುದನ್ನು ಖರೀದಿದಾರರೂ ಮರೆಯಬಾರದು. ಕಂತುಗಳನ್ನು ತಿಂಗಳುಗಟ್ಟಲೆ ಬಾಕಿ ಉಳಿಸಿಕೊಂಡವರ ಮೊತ್ತದಲ್ಲಿ ಅಷ್ಟು ಬಡ್ಡಿ ಕಡಿತವಾಗುತ್ತದೆ, ವಾದವೂ ದುರ್ಬಲವಾಗುತ್ತದೆ.

ಇಂಥ ಸಾಲುಗಳ ಬಗ್ಗೆ ಸುಪ್ರೀಂ ಕೋರ್ಟ್ ಹೇಳಿದ ಮುಖ್ಯವಾದ ಮಾತುಗಳಲ್ಲಿ ಒಂದು ಹುಟ್ಟಿದ್ದು ನಮ್ಮ ಬೆಂಗಳೂರಿನ ಬೇಗೂರಿನಲ್ಲೇ. ಡಿಎಲ್‌ಎಫ್ ಸದರ್ನ್ ಹೋಮ್ಸ್ ಕಟ್ಟಿದ ಸಮುಚ್ಚಯದಲ್ಲಿ ಮನೆ ಕೊಂಡಿದ್ದ 300ಕ್ಕೂ ಹೆಚ್ಚು ಮಂದಿ ಗ್ರಾಹಕರ ಆಯೋಗಕ್ಕೆ ಹೋಗಿದ್ದರು. ಅವರ ಅಗ್ರಿಮೆಂಟಿನಲ್ಲೂ ಇದ್ದದ್ದು ಚದರ ಅಡಿಗೆ ಐದು ರೂಪಾಯಿ. ಆಯೋಗ ಅವರ ದೂರನ್ನು ತಳ್ಳಿಹಾಕಿತ್ತು. 2020ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟ್ ಅದನ್ನು ಬದಿಗಿಟ್ಟು, ಅಗ್ರಿಮೆಂಟಿನ ಆ ದರ ಸಾಲದು, ಅದರ ಜೊತೆಗೆ ವರ್ಷಕ್ಕೆ ಶೇ 6ರಂತೆ ಪರಿಹಾರ ಕೊಡಬೇಕು ಎಂದಿತು. ಅದಕ್ಕಿಂತ ಮುಖ್ಯವಾದ ಇನ್ನೊಂದು ಮಾತೂ ಆ ತೀರ್ಪಿನಲ್ಲಿದೆ. ಮನೆ ವಶಕ್ಕೆ ತೆಗೆದುಕೊಂಡು ಕ್ರಯಪತ್ರ ಮಾಡಿಸಿಕೊಂಡ ಮಾತ್ರಕ್ಕೆ ವಿಳಂಬದ ಪರಿಹಾರ ಕೇಳುವ ಹಕ್ಕು ಹೋಗುವುದಿಲ್ಲ. ಹಣ ಪೂರ್ತಿ ಕಟ್ಟಿ, ಬಾಡಿಗೆಯನ್ನೂ ಸಾಲದ ಕಂತನ್ನೂ ಒಟ್ಟಿಗೆ ಹೊತ್ತು ಸುಸ್ತಾದ ಮನುಷ್ಯನಿಗೆ ‘ಒಂದೋ ಮನೆ ತಗೋ, ಇಲ್ಲವೋ ಪರಿಹಾರ ಕೇಳು’ ಎಂದು ಹೇಳುವುದು ನ್ಯಾಯವಲ್ಲ ಎಂಬುದು ನ್ಯಾಯಾಲಯದ ನಿಲುವು.

ಹಾಗಿದ್ದರೂ ಕೀ ಕೊಡುವ ದಿನ ಸಹಿ ಹಾಕಿಸುವ ಕಾಗದಗಳ ಕಟ್ಟಿನಲ್ಲಿ ‘ಇನ್ನು ನನ್ನದು ಯಾವ ತಕರಾರೂ ಇಲ್ಲ’ ಎಂಬ ಒಂದು ಹಾಳೆ ಇರುತ್ತದೆ. ಗೃಹಪ್ರವೇಶದ ಮುಹೂರ್ತ ಗೊತ್ತಾಗಿರುತ್ತದೆ, ನೆಂಟರಿಗೆ ಹೇಳಿ ಆಗಿರುತ್ತದೆ, ಯಾರೂ ಓದುವುದಿಲ್ಲ. ಆ ಹಾಳೆಯನ್ನು ಓದಿ, ವಿಳಂಬದ ಬಡ್ಡಿಯ ಹಕ್ಕನ್ನು ಉಳಿಸಿಕೊಂಡೇ ವಶಕ್ಕೆ ಪಡೆಯುತ್ತಿದ್ದೇನೆ ಎಂದು ಕೈಬರಹದಲ್ಲಿ ಬರೆದು ಸಹಿ ಹಾಕಬೇಕು. ಅವರು ಒಪ್ಪದಿದ್ದರೆ ಅದೇ ದಿನ ಇಮೇಲಿನಲ್ಲಿ ಆ ಮಾತು ಕಳಿಸಿ ದಾಖಲೆ ಮಾಡಿಕೊಳ್ಳಬೇಕು.

ಕೀ ಯಾವಾಗ ಸಿಕ್ಕಿತು ಎಂಬುದರಲ್ಲೂ ಒಂದು ಒಳಸುಳಿ ಇದೆ. ಒಸಿ ಬರುವ ಮೊದಲೇ ‘ಇಂಟೀರಿಯರ್ ಕೆಲಸ ಶುರು ಮಾಡಿಕೊಳ್ಳಿ’ ಎಂದು ಕೀ ಕೊಡುವುದು ಬೆಂಗಳೂರಿನಲ್ಲಿ ಮಾಮೂಲಾಗಿದೆ. ನಮ್ಮ ಉದಾಹರಣೆಯಲ್ಲಿ ಹಾಗೆ 2024ರ ಮಾರ್ಚ್ ಕೊನೆಗೆ ಕೀ ಕೊಟ್ಟರು ಎಂದುಕೊಳ್ಳಿ. ಬಿಲ್ಡರ್ ಬಡ್ಡಿಯ ಲೆಕ್ಕವನ್ನು ಅಲ್ಲಿಗೇ, 21 ತಿಂಗಳಿಗೇ, ನಿಲ್ಲಿಸುತ್ತಾನೆ. ಆರು ತಿಂಗಳ 3 ಲಕ್ಷ 60 ಸಾವಿರ ಕೈತಪ್ಪುತ್ತದೆ. ಕಾಯ್ದೆಯ 19ನೇ ಸೆಕ್ಷನ್ ಖರೀದಿದಾರ ಒಸಿ ಬಂದ ಎರಡು ತಿಂಗಳೊಳಗೆ ಮನೆ ವಶಕ್ಕೆ ತೆಗೆದುಕೊಳ್ಳಬೇಕು ಎನ್ನುತ್ತದೆ. ಅಂದರೆ ವಶ ಕೊಡುವ ಮಾತು ಬರುವುದೇ ಒಸಿ ಆದ ಮೇಲೆ. ಒಸಿ ಕೊಡದಿರುವುದು ಸೇವಾ ನ್ಯೂನತೆ ಎಂದು 2022ರಲ್ಲಿ ಮುಂಬೈಯ ಒಂದು ಹೌಸಿಂಗ್ ಸೊಸೈಟಿಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆದ್ದರಿಂದ ಒಸಿಯ ಪ್ರತಿಯನ್ನು ಕೇಳಿ ಪಡೆದು, ಅದರಲ್ಲಿ ನಿಮ್ಮ ಬ್ಲಾಕ್, ನಿಮ್ಮ ಮಹಡಿ ಇದೆಯೇ ಎಂದು ನೋಡಬೇಕು. ಭಾಗಶಃ ಒಸಿ ತೋರಿಸಿ ಪಕ್ಕದ ಬ್ಲಾಕಿನವರಿಗೂ ಕೀ ಹಂಚುವುದುಂಟು.

ಕಾಯುವುದಕ್ಕೆ ಮನಸ್ಸಿಲ್ಲದವರಿಗೆ 18ನೇ ಸೆಕ್ಷನ್ ಇನ್ನೊಂದು ದಾರಿ ಕೊಡುತ್ತದೆ. ಗಡುವು ಮೀರಿದ ಮೇಲೆ ಯೋಜನೆಯಿಂದ ಹೊರಬಂದು, ಕಟ್ಟಿದ ಹಣವನ್ನು ಬಡ್ಡಿ ಸಮೇತ ವಾಪಸು ಕೇಳಬಹುದು. ಇಲ್ಲಿ ಬಡ್ಡಿ ಗಡುವಿನ ದಿನದಿಂದಲ್ಲ, ಪ್ರತಿ ಕಂತು ಬಿಲ್ಡರ್ ಕೈಸೇರಿದ ದಿನದಿಂದ. 2019ರ ಮಾರ್ಚ್‌ನಲ್ಲಿ ಕೊಟ್ಟ 8 ಲಕ್ಷ ಮುಂಗಡಕ್ಕೆ 2024ರ ಮಾರ್ಚ್ ಹೊತ್ತಿಗೆ ಅದೇ ಶೇ 10ರ ಲೆಕ್ಕದಲ್ಲಿ 4 ಲಕ್ಷ ಬಡ್ಡಿ. ಈ ಹಕ್ಕಿಗೆ ಷರತ್ತಿಲ್ಲ, ಬಿಲ್ಡರ್ ಏನೇ ಕಾರಣ ಹೇಳಲಿ ಕೇಳಿದವನಿಗೆ ಹಣ ಕೊಡಲೇಬೇಕು ಎಂದು 2021ರ ನವೆಂಬರಿನಲ್ಲಿ ನ್ಯೂಟೆಕ್ ಪ್ರಮೋಟರ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತಿದೆ. ಆದರೆ ಈ ಆಯ್ಕೆಯನ್ನು ಬಹಳ ಮುಂದೂಡಬಾರದು. ಒಸಿ ಬಂದು ಬಿಲ್ಡರ್ ಮನೆ ಕೊಡಲು ಮುಂದಾದ ಮೇಲೆ ಹೊರಬರುವುದು ಕಷ್ಟ. ಗುರುಗ್ರಾಮದ ಐರಿಯೊ ಗ್ರೇಸ್ ಪ್ರಕರಣದಲ್ಲಿ, ಒಸಿ ಬಂದಿದ್ದ ಮನೆಗಳ ಖರೀದಿದಾರರು ಪರಿಹಾರದೊಂದಿಗೆ ಮನೆ ತೆಗೆದುಕೊಳ್ಳಬೇಕೆಂದೂ, ಒಸಿ ಬಾರದವರಿಗೆ ಹಣ ವಾಪಸು ಕೊಡಬೇಕೆಂದೂ 2021ರ ಜನವರಿಯಲ್ಲಿ ತೀರ್ಪಾಯಿತು. ನನ್ನ ಅಭಿಪ್ರಾಯ ಕೇಳಿದರೆ, ಕಟ್ಟಡ ಛಾವಣಿಯವರೆಗೆ ಬಂದು ಒಳಗಿನ ಕೆಲಸ ನಡೆಯುತ್ತಿದ್ದರೆ ಕಾದು ಬಡ್ಡಿ ಕೇಳುವುದೇ ಲೇಸು. ಹಿಂತಿರುಗಿ ಬಂದ ಹಣದಲ್ಲಿ ಅದೇ ಬಡಾವಣೆಯಲ್ಲಿ ಇಂದಿನ ಬೆಲೆಗೆ ಇನ್ನೊಂದು ಮನೆ ಸಿಗುವುದು ಕಷ್ಟ. ತಳಪಾಯದಲ್ಲೇ ಕೆಲಸ ನಿಂತಿದ್ದರೆ ಹೊರಬರುವುದು ಒಳ್ಳೆಯದು.

ಕೆಲಸ ನಿಂತಿದೆಯೋ ನಡೆದಿದೆಯೋ ಎಂಬುದನ್ನು ಮನೆಯಲ್ಲೇ ಕುಳಿತು ತಿಳಿಯುವುದಕ್ಕೂ ದಾರಿ ಇದೆ. ಖರೀದಿದಾರರಿಂದ ಬಂದ ಹಣದಲ್ಲಿ ಶೇ 70ನ್ನು ಆ ಯೋಜನೆಯ ಪ್ರತ್ಯೇಕ ಬ್ಯಾಂಕ್ ಖಾತೆಯಲ್ಲಿ ಇಡಬೇಕು. ಅದನ್ನು ಜಮೀನು ಮತ್ತು ಕಟ್ಟಡದ ಖರ್ಚಿಗೆ ಮಾತ್ರ ಬಳಸಬೇಕು. ಕೆಲಸ ಎಷ್ಟು ಮುಗಿದಿದೆಯೋ ಅದಕ್ಕೆ ತಕ್ಕಂತೆ, ಎಂಜಿನಿಯರ್, ಆರ್ಕಿಟೆಕ್ಟ್, ಲೆಕ್ಕಪರಿಶೋಧಕ ಮೂವರ ಪ್ರಮಾಣಪತ್ರದ ಮೇಲೆ ಹಣ ತೆಗೆಯಬೇಕು. ಜೊತೆಗೆ ಮೂರು ತಿಂಗಳಿಗೊಮ್ಮೆ ಕೆಲಸದ ಪ್ರಗತಿಯನ್ನು ತಾಣದಲ್ಲಿ ಹಾಕಬೇಕು. ಆ ಪುಟ ತೆರೆದು, ಕೆಲಸ ಮುಗಿದಿರುವ ಪ್ರಮಾಣವನ್ನು ನೀವು ಈವರೆಗೆ ಕಟ್ಟಿರುವ ಪ್ರಮಾಣದ ಪಕ್ಕದಲ್ಲಿಟ್ಟು ನೋಡಿ. ನೀವು ಬೆಲೆಯ ಶೇ 80 ಕಟ್ಟಿದ್ದು ಕೆಲಸ ಶೇ 45ರಲ್ಲಿ ನಿಂತಿದ್ದರೆ, ಅಥವಾ ಸತತ ಎರಡು ಮೂರು ತ್ರೈಮಾಸಿಕಗಳ ಮಾಹಿತಿಯೇ ಇಲ್ಲದಿದ್ದರೆ, ಗಡುವಿನವರೆಗೆ ಕಾಯದೆ ಎಚ್ಚೆತ್ತುಕೊಳ್ಳಬೇಕು. ಉಳಿದ ಶೇ 30ಕ್ಕೆ ಇಂಥ ಕಾವಲಿಲ್ಲ. ಪ್ರಮಾಣಪತ್ರ ಕೊಡುವ ಮೂವರೂ ಬಿಲ್ಡರ್ ಹಣ ಕೊಟ್ಟು ನೇಮಿಸಿಕೊಂಡವರಾದ್ದರಿಂದ ಆ ಪತ್ರಗಳು ಸುಳ್ಳಾಗುವುದೂ ಉಂಟು. ಹೀಗಾಗಿ ಒಂದು ಭಾನುವಾರ ಸೈಟಿಗೆ ಹೋಗಿ ಫೋಟೊ ತೆಗೆದುಕೊಂಡು ಬರುವುದನ್ನು ತಪ್ಪಿಸಬಾರದು.

ದೂರು ಕೊಡುವುದು, ಆದೇಶ ಪಡೆಯುವುದು ಇವೆರಡೂ ವಕೀಲರಿಲ್ಲದೆಯೂ ಸಾಧ್ಯ. ಅಗ್ರಿಮೆಂಟ್, ಪ್ರತಿ ಕಂತಿನ ರಸೀದಿ, ಬ್ಯಾಂಕಿನ ಸ್ಟೇಟ್‌ಮೆಂಟ್, ದಿನಾಂಕವಾರು ಬಡ್ಡಿ ಲೆಕ್ಕದ ಒಂದು ಪಟ್ಟಿ, ಇಷ್ಟು ಇದ್ದರೆ ವಾದದ ಮುಕ್ಕಾಲು ಭಾಗ ಮುಗಿದಂತೆ. ಕಷ್ಟ ಶುರುವಾಗುವುದು ಆದೇಶ ಕೈಗೆ ಬಂದ ಮೇಲೆ. ಪ್ರಾಧಿಕಾರ ಸಾಮಾನ್ಯವಾಗಿ ಅರವತ್ತು ದಿನಗಳ ಗಡುವು ಕೊಡುತ್ತದೆ. ಬಿಲ್ಡರ್ ಕೊಡದಿದ್ದರೆ ಮೊತ್ತವನ್ನು ಭೂಕಂದಾಯ ಬಾಕಿಯಂತೆ ವಸೂಲು ಮಾಡಬೇಕು. ಪ್ರಾಧಿಕಾರ ವಸೂಲಿ ಪತ್ರ ಹೊರಡಿಸಿ ಜಿಲ್ಲಾಧಿಕಾರಿಗೆ ಕಳಿಸುತ್ತದೆ, ಅಲ್ಲಿಂದ ಅದು ತಹಶೀಲ್ದಾರರ ಮೇಜಿಗೆ ಇಳಿಯುತ್ತದೆ. ಪಹಣಿ, ಖಾತೆ, ಚುನಾವಣೆ, ಬರ ಪರಿಹಾರಗಳ ನಡುವೆ ಆ ಪತ್ರ ಕೂತುಬಿಡುತ್ತದೆ. ಬಿಲ್ಡರ್ ಕಂಪನಿಯ ಹೆಸರಿನಲ್ಲಿ ಮುಟ್ಟುಗೋಲು ಹಾಕಿಕೊಳ್ಳುವಂಥ ಆಸ್ತಿ ಎಲ್ಲಿದೆ ಎಂದು ಹುಡುಕಿ ಕೊಡುವ ಕೆಲಸವೂ ಕೊನೆಗೆ ಖರೀದಿದಾರನ ತಲೆಗೇ ಬರುತ್ತದೆ. ಆದೇಶವಾಗಿಯೂ ಹಣ ಬಾರದೆ ಅಲೆಯುತ್ತಿರುವವರು ಕರ್ನಾಟಕದಲ್ಲಿ ಬಹಳ ಮಂದಿ ಇದ್ದಾರೆ. ಈ ಕಾಯ್ದೆಯ ದೊಡ್ಡ ಸೋಲು ಇಲ್ಲೇ.

ವಿಚಿತ್ರವೆಂದರೆ ಹಣ ಬರುವ ಭರವಸೆ ಹೆಚ್ಚಿರುವುದು ಬಿಲ್ಡರ್ ಮೇಲ್ಮನವಿ ಹಾಕಿದಾಗ. 43ನೇ ಸೆಕ್ಷನ್ ಪ್ರಕಾರ, ಖರೀದಿದಾರನಿಗೆ ಕೊಡಬೇಕಾದ ಅಸಲು ಮತ್ತು ಬಡ್ಡಿಯನ್ನು ಪೂರ್ತಿ ಠೇವಣಿ ಇಡದೆ ಬಿಲ್ಡರ್‌ನ ಮೇಲ್ಮನವಿಯನ್ನು ನ್ಯಾಯಮಂಡಳಿ ವಿಚಾರಣೆಗೇ ತೆಗೆದುಕೊಳ್ಳುವಂತಿಲ್ಲ. ನ್ಯೂಟೆಕ್ ತೀರ್ಪು ಈ ಷರತ್ತನ್ನೂ ಎತ್ತಿಹಿಡಿದಿದೆ. ಮೇಲ್ಮನವಿಯ ನೋಟಿಸ್ ಬಂದಾಗ ಎದೆಗುಂದುವವರು ಮೊದಲು ಕೇಳಬೇಕಾದದ್ದು ‘ಠೇವಣಿ ಇಟ್ಟಿದ್ದಾರೆಯೇ’ ಎಂದು. ಖರೀದಿದಾರ ಗೆದ್ದರೆ ತಹಶೀಲ್ದಾರರ ಕಚೇರಿಗೆ ಅಲೆಯದೆ ಅಲ್ಲಿಂದಲೇ ಹಣ ಸಿಗುತ್ತದೆ.

ರಾಜ್ಯ ಸರ್ಕಾರ ಮಾಡಬೇಕಾದದ್ದು ದೊಡ್ಡ ಸುಧಾರಣೆಯೇನಲ್ಲ. ರೇರಾ ವಸೂಲಿಗೆಂದೇ ಬೆಂಗಳೂರು ನಗರ ಜಿಲ್ಲೆಯಲ್ಲಿ ಸಾಕಷ್ಟು ಅಧಿಕಾರಿಗಳನ್ನು ಇಟ್ಟು, ಬಾಕಿದಾರ ಬಿಲ್ಡರ್‌ಗಳ ಹೊಸ ಯೋಜನೆಗಳಿಗೆ ನೋಂದಣಿ ಕೊಡುವ ಮೊದಲು ಹಳೆಯ ಬಾಕಿ ತೀರಿದೆಯೇ ಎಂದು ನೋಡಿದರೆ ಅರ್ಧ ಹಣ ತಾನಾಗಿ ಬರುತ್ತದೆ ಎಂದು ನಾನು ನಂಬಿದ್ದೇನೆ. ಅದು ಆಗುವವರೆಗೆ, ಆದೇಶ ಕೈಯಲ್ಲಿರುವ ಓದುಗರು ಒಂದು ಕೆಲಸ ಮಾಡಲಿ. ಅರವತ್ತು ದಿನ ಕಳೆದ ಮರುದಿನವೇ ವಸೂಲಿಗೆ ಅರ್ಜಿ ಹಾಕಿ, ವಸೂಲಿ ಪತ್ರದ ಸಂಖ್ಯೆ ಬರೆದಿಟ್ಟುಕೊಂಡು, ಅದೇ ಬಿಲ್ಡರ್ ಮೇಲೆ ಆದೇಶ ಪಡೆದ ಉಳಿದವರ ಜೊತೆ ಸೇರಿ ಜಿಲ್ಲಾಧಿಕಾರಿ ಕಚೇರಿಗೆ ಒಟ್ಟಾಗಿ ಹೋಗಲಿ. ಒಬ್ಬೊಬ್ಬರಾಗಿ ಹೋದವರ ಕಡತ ಕೆಳಗೇ ಉಳಿಯುತ್ತದೆ.